ಕೊಲೆಸ್ಟರಾಲ್ ಹಿಂತಿರುಗುವ ದಾರಿ

ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಸೇರಿದ ಟ್ಯಾಂಜಿಯರ್ ಒಂದು ಪುಟ್ಟ ದ್ವೀಪ. 1960ರ ಸುಮಾರಿಗೆ ಅಲ್ಲಿನ ಐದು ವರ್ಷದ ಹುಡುಗನೊಬ್ಬನ ಟಾನ್ಸಿಲ್ ಕಂಡು ವೈದ್ಯರು ಬೆರಗಾದರು. ಅದು ಊದಿಕೊಂಡಿತ್ತು, ಬಣ್ಣ ಕಿತ್ತಳೆ ಹಳದಿ. ಅವನ ಅಕ್ಕನ ಗಂಟಲಲ್ಲೂ ಅದೇ ಬಣ್ಣ. ಡೊನಾಲ್ಡ್ ಫ್ರೆಡ್ರಿಕ್‌ಸನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಟಾನ್ಸಿಲ್‌ನ ಜೀವಕೋಶಗಳಲ್ಲಿ ಕೊಲೆಸ್ಟರಾಲ್ ಕಿಕ್ಕಿರಿದಿತ್ತು. ಮಕ್ಕಳ ರಕ್ತದಲ್ಲಿ ಎಚ್‌ಡಿಎಲ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ.

ಎರಡಕ್ಕೂ ಇರುವ ನಂಟು ಹೀಗಿದೆ. ನಮ್ಮ ಜೀವಕೋಶಗಳು ಕೊಲೆಸ್ಟರಾಲನ್ನು ತಯಾರಿಸಬಲ್ಲವು, ಆದರೆ ಅದರ ಗಟ್ಟಿ ಉಂಗುರಗಳನ್ನು ಒಡೆದು ಕರಗಿಸಲಾರವು. ಮಿಕ್ಕಿದ್ದನ್ನು ಹೊರಗೆ ಸಾಗಿಸಲೇಬೇಕು. ಸತ್ತ ಕೋಶಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳಿಗಂತೂ ಇದು ನಿತ್ಯದ ಅಗತ್ಯ, ಏಕೆಂದರೆ ನುಂಗಿದ್ದರ ಜೊತೆ ಕೊಲೆಸ್ಟರಾಲೂ ಒಳಗೆ ಬರುತ್ತದೆ.

ಸಾಗಣೆ ಶುರುವಾಗುವುದು ಯಕೃತ್ತು ಮತ್ತು ಕರುಳು ತಯಾರಿಸುವ ಅಪೊ ಎ-1 ಎಂಬ ಪ್ರೋಟೀನಿನಿಂದ. ಅದು ಬರಿಗೈಯಲ್ಲಿ ಜೀವಕೋಶದ ಬಳಿ ಬರುತ್ತದೆ. ಕೋಶದ ಪೊರೆಯಲ್ಲಿರುವ ಎಬಿಸಿಎ1 ಎಂಬ ಇನ್ನೊಂದು ಪ್ರೋಟೀನು ಕೊಲೆಸ್ಟರಾಲನ್ನು ಹೊರದಬ್ಬಿ ಇದಕ್ಕೆ ಒಪ್ಪಿಸುತ್ತದೆ. ಎಳೆಯ ಎಚ್‌ಡಿಎಲ್ ಹುಟ್ಟುವುದು ಹೀಗೆ. ರಕ್ತದ ಎಲ್‌ಸಿಎಟಿ ಎಂಬ ಕಿಣ್ವ ಆ ಕೊಲೆಸ್ಟರಾಲಿಗೆ ಕೊಬ್ಬಿನಾಮ್ಲವೊಂದನ್ನು ಜೋಡಿಸಿದಾಗ ಅದು ಕಣದ ಒಡಲಿಗೆ ಸರಿದು ಕೂರುತ್ತದೆ, ಹೊರಮೈಯಲ್ಲಿ ಮತ್ತಷ್ಟಕ್ಕೆ ಜಾಗವಾಗುತ್ತದೆ. ತಟ್ಟೆಯಂತಿದ್ದ ಕಣ ಉಂಡೆಯಾಗುತ್ತದೆ. ಕೊನೆಗೆ ಯಕೃತ್ತಿನ ಎಸ್‌ಆರ್-ಬಿ1 ಎಂಬ ಗ್ರಾಹಕ ಒಡಲಿನ ಸರಕನ್ನು ಇಳಿಸಿಕೊಳ್ಳುತ್ತದೆ. ಅಲ್ಲಿಂದ ಅದು ಪಿತ್ತರಸ ಸೇರಿ ಕರುಳಿಗೆ ಇಳಿಯುತ್ತದೆ. ಒಂದಷ್ಟು ಮತ್ತೆ ಹೀರಿಕೊಂಡರೂ ಉಳಿದದ್ದು ಮಲದೊಂದಿಗೆ ಹೊರಹೋಗುತ್ತದೆ.

ಟ್ಯಾಂಜಿಯರ್ ಮಕ್ಕಳಲ್ಲಿ ಕೆಟ್ಟಿದ್ದು ಮೊದಲ ಹೆಜ್ಜೆಯೇ. ಆ ಕಾಯಿಲೆಯ ಮೂಲ ಎಬಿಸಿಎ1 ವಂಶವಾಹಿಯ ದೋಷ ಎಂಬುದು ಖಚಿತವಾಗಿದ್ದು 1999ರಲ್ಲಿ. ಸರಕು ಸಿಗದ ಅಪೊ ಎ-1 ರಕ್ತದಲ್ಲಿ ಬಾಳದೆ ಬೇಗ ನಾಶವಾಗುತ್ತದೆ. ಹಾಗಾಗಿ ಎಚ್‌ಡಿಎಲ್ ಕಾಣೆ. ಟಾನ್ಸಿಲ್‌ನಲ್ಲಿ ಉಳಿದ ಕೊಲೆಸ್ಟರಾಲಿನ ಜೊತೆ ಆಹಾರದ ಕ್ಯಾರೊಟಿನ್ ಬಗೆಯ ವರ್ಣದ್ರವ್ಯಗಳೂ ಸೇರಿಕೊಂಡು ಬಣ್ಣ ಕಟ್ಟಿದ್ದವು.

ಹಾಗಾದರೆ ಎಚ್‌ಡಿಎಲ್ ಹೆಚ್ಚಿಸಿದರೆ ಸಾಕೇ? ಟಾರ್ಸೆಟ್ರಪಿಬ್ ಎಂಬ ಔಷಧಿ ಅದನ್ನು ಶೇ. 72ರಷ್ಟು ಏರಿಸಿತು. ಎಚ್‌ಡಿಎಲ್‌ನ ಸರಕು ಬೇರೆ ಕಣಗಳಿಗೆ ದಾಟುವುದನ್ನು ತಡೆಯುವುದು ಅದರ ಕೆಲಸ. ಸುಮಾರು 15,000 ಜನರ ಮೇಲಿನ ಪ್ರಯೋಗವನ್ನು 2006ರ ಡಿಸೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು: ಔಷಧಿ ಪಡೆದವರಲ್ಲೇ ಸಾವು ಹೆಚ್ಚಿತ್ತು. ರಕ್ತದೊತ್ತಡ ಏರಿಸುವಂಥ ಅಡ್ಡಪರಿಣಾಮಗಳೂ ಆ ಔಷಧಿಗಿದ್ದವು ನಿಜ. ಆದರೆ ಯಕೃತ್ತಿನ ಎಸ್‌ಆರ್-ಬಿ1 ಹುಟ್ಟಿನಿಂದಲೇ ಕೆಟ್ಟವರನ್ನು ನೋಡಿ. ಅವರ ಎಚ್‌ಡಿಎಲ್ ಬಹಳ ಹೆಚ್ಚು, ಹೃದ್ರೋಗದ ಅಪಾಯವೂ ಹೆಚ್ಚು ಎಂದು 2016ರ ಅಧ್ಯಯನವೊಂದು ತೋರಿಸಿತು. ಸರಕು ಇಳಿಯುವ ಕಡೆ ಬಾಗಿಲು ಮುಚ್ಚಿದ್ದರಿಂದ ಕಣಗಳು ರಕ್ತದಲ್ಲೇ ಉಳಿದಿದ್ದವು. ಲ್ಯಾಬ್ ವರದಿಯ ಸಂಖ್ಯೆ ಆ ಹೊತ್ತಿಗೆ ರಕ್ತದ ಎಚ್‌ಡಿಎಲ್‌ನಲ್ಲಿರುವ ಕೊಲೆಸ್ಟರಾಲ್ ಎಷ್ಟೆಂದಷ್ಟೇ ಹೇಳುತ್ತದೆ. ಅದು ಯಕೃತ್ತಿನ ಕಡೆ ಸಾಗುತ್ತಿದೆಯೇ, ನಿಂತಿದೆಯೇ ಎಂಬುದನ್ನಲ್ಲ.