ಎಳನೀರಿನಲ್ಲಿ ಬೆಳೆದ ಕ್ಯಾರೆಟ್

ದಾಳಿಂಬೆ ಕೊಂಬೆಗೆ ಗೂಟಿ ಕಟ್ಟಿದವರಿಗೆ ಗೊತ್ತು: ಸಿಪ್ಪೆ ಸುಲಿದ ಜಾಗದಲ್ಲಿ ಬೇರಿಗಿಂತ ಮೊದಲು ಬಿಳಿಚಿದ ಗಂಟು ಏಳುತ್ತದೆ. ಅದೇ ಕ್ಯಾಲಸ್. ಗಾಯದ ಅಂಚಿನ ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಮತ್ತೆ ಒಡೆದು ಹೆಚ್ಚಾಗುವುದರಿಂದ ಆಗುವ ಗುಂಪು ಅದು.

1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್. ಸಿ. ಸ್ಟೀವರ್ಡ್ ತಂಡ ಇದನ್ನು ಗಾಜಿನ ಪಾತ್ರೆಯೊಳಗೆ ಮಾಡಿ ತೋರಿಸಿತು. ಕ್ಯಾರೆಟ್‌ನ ಪುಟ್ಟ ಚೂರುಗಳನ್ನು ಎಳನೀರು ಬೆರೆಸಿದ ಪೋಷಕ ದ್ರವದಲ್ಲಿ ಹಾಕಿ ನಿಧಾನವಾಗಿ ತಿರುಗಿಸಿದರು. ಎಳನೀರೇ ಯಾಕೆ? ತೆಂಗಿನ ಭ್ರೂಣಕ್ಕೆ ಪ್ರಕೃತಿ ಕೂಡಿಟ್ಟ ಆಹಾರ ಅದು. ಕೋಶವನ್ನು ಒಡೆಯಲು ಪ್ರೇರೇಪಿಸುವ ಸೈಟೊಕೈನಿನ್ ಅದರಲ್ಲಿದೆ. ಚೂರುಗಳಿಂದ ಕಳಚಿದ ಕೋಶಗಳು ಗುಂಪುಗೂಡಿದವು, ಬೇರು ಬಿಟ್ಟವು. ಅಗರ್ ಮೇಲೆ ಇಟ್ಟಾಗ ಚಿಗುರಿ ಪೂರ್ಣ ಗಿಡಗಳಾದವು. ಆದರೆ ಒಂದೊಂದು ಗುಂಪೂ ಒಂದೇ ಕೋಶದಿಂದ ಬಂದದ್ದೇ ಎಂಬ ಅನುಮಾನ ಉಳಿದಿತ್ತು. ಅದು ತೀರಿದ್ದು 1965ರಲ್ಲಿ, ವಿಸ್ಕಾನ್ಸಿನ್‌ನಲ್ಲಿ ವಿಮ್ಲಾ ವಾಸಿಲ್ ಮತ್ತು ಹಿಲ್ಡೆಬ್ರಾಂಟ್ ತಂಬಾಕಿನ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಬೆಳೆಸಿ, ಅದರಿಂದ ಹೂ ಬಿಡುವ ಗಿಡವನ್ನೇ ಪಡೆದಾಗ.

ಎಲೆಯ ಕೋಶವಾಗಲಿ ಬೇರಿನ ಕೋಶವಾಗಲಿ, ಇಡೀ ಗಿಡದ ವಂಶವಾಹಿಗಳೆಲ್ಲ ಅದರಲ್ಲಿರುತ್ತವೆ. ತನ್ನ ಕೆಲಸಕ್ಕೆ ಬೇಡದ್ದನ್ನು ಮುಚ್ಚಿಟ್ಟುಕೊಂಡಿರುತ್ತದೆ, ಅಷ್ಟೆ. ಪ್ರಾಣಿಯ ಕೋಶದಲ್ಲೂ ಇವೆಲ್ಲ ಇವೆ, ಆದರೆ ಅಲ್ಲಿ ಮುಚ್ಚಿದ್ದನ್ನು ತೆರೆಯುವುದು ಬಹಳ ಕಷ್ಟ. ಗಿಡದಲ್ಲಿ ಎರಡು ಹಾರ್ಮೋನುಗಳ ಪ್ರಮಾಣ ಬದಲಿಸಿದರೆ ಸಾಕಾಗುತ್ತದೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನಲ್ಲಿ ಕಂಡದ್ದು ಇದನ್ನೇ: ಸೈಟೊಕೈನಿನ್‌ಗಿಂತ ಆಕ್ಸಿನ್ ಕೈ ಮೇಲಾದರೆ ಬೇರು, ಸೈಟೊಕೈನಿನ್ ಮೇಲಾದರೆ ಚಿಗುರು, ನಡುವಿನ ಪ್ರಮಾಣದಲ್ಲಿ ಎರಡೂ ಇಲ್ಲದೆ ಕ್ಯಾಲಸ್ ಮಾತ್ರ. ಹಾಗೆಂದು ಎಲ್ಲ ಕೋಶಗಳಿಗೂ ಇದು ಸಾಧ್ಯವಿಲ್ಲ. ನೀರು ಸಾಗಿಸುವ ಕೊಳವೆಗಳ ಬಲಿತ ಕೋಶಗಳು ಸತ್ತವು. ಅವುಗಳಿಂದ ಏನೂ ಹುಟ್ಟದು.

ಇಷ್ಟು ಸುಲಭವಿದ್ದರೆ ಬಾಳೆ ಸಸಿ ಮಾಡುವ ಲ್ಯಾಬುಗಳು ಕ್ಯಾಲಸ್ಸನ್ನೇ ಹಿಡಿಯಬೇಕಿತ್ತು. ಅವರು ಸಾಮಾನ್ಯವಾಗಿ ಅದನ್ನು ದೂರವಿಡುತ್ತಾರೆ. ಬಾಳೆಕಂದಿನ ಬೆಳೆಯುವ ತುದಿಯನ್ನೇ ಕತ್ತರಿಸಿ, ಚಿಗುರಿನಿಂದ ಚಿಗುರು ಪಡೆಯುತ್ತಾರೆ. ಕ್ಯಾಲಸ್ ಹಂತದಲ್ಲಿ ಕೋಶಗಳು ಬಹಳ ಕಾಲ ಒಡೆಯುತ್ತಾ ಹೋದರೆ ವರ್ಣತಂತುಗಳಲ್ಲಿ ಏರುಪೇರಾಗಬಹುದು, ವಂಶವಾಹಿಗಳ ಮೇಲಿನ ರಾಸಾಯನಿಕ ಗುರುತುಗಳು ಅಳಿಸಿಹೋಗಬಹುದು. ಎಣ್ಣೆತಾಳೆಯಲ್ಲಿ ಆಗಿದ್ದು ಹೀಗೆಯೇ. ಒಳ್ಳೆಯ ಮರಗಳಿಂದ ಟಿಶ್ಯೂ ಕಲ್ಚರ್ ಮಾಡಿ ನೆಟ್ಟ ಗಿಡಗಳಲ್ಲಿ ಕೆಲವು ವಿಕಾರ ಕಾಯಿ ಬಿಟ್ಟವು. ಎಣ್ಣೆ ತೀರಾ ಕಡಿಮೆ. 2015ರಲ್ಲಿ ಮಲೇಷ್ಯಾದ ವಿಜ್ಞಾನಿಗಳು ಕಾರಣ ಹಿಡಿದರು: ಡಿಎನ್ಎ ಅಕ್ಷರಗಳು ಬದಲಾಗಿರಲಿಲ್ಲ, ಕಾಯಿಯ ರಚನೆಗೆ ಸಂಬಂಧಿಸಿದ ಒಂದು ವಂಶವಾಹಿಯೊಳಗೆ ಇಂಥದೊಂದು ಗುರುತು ಅಳಿಸಿಹೋಗಿತ್ತು. ಸಸಿಯನ್ನು ನೋಡಿ ಇದನ್ನು ಹೇಳಲಾಗದು. ವರ್ಷಗಟ್ಟಲೆ ಸಾಕಿ, ಮರ ಹೂಬಿಟ್ಟು ಕಾಯಿ ಕಚ್ಚಿದ ಮೇಲಷ್ಟೇ ತೋಟದವರಿಗೆ ಕಣ್ಣಿಗೆ ಬೀಳುತ್ತಿತ್ತು.