ಮಗಳ ಆರು ಮುಖ, ಅಪ್ಪನ ಎಂಟು ನಿಮಿಷ

ಮಗಳು ಪಿಯುಸಿ ಮುಗಿಸಿ ದೂರದ ಕಾಲೇಜಿಗೆ ಹೊರಡುವ ಮುಂಚೆ ಹತ್ತಿರದ ನೆಂಟರನ್ನೆಲ್ಲ ಕರೆದು ಊಟ ಹಾಕಿ ಕಳಿಸಿಕೊಡುವುದು ಈಗ ಅನೇಕ ಮನೆಗಳಲ್ಲಿದೆ. ಊಟದ ಎಲೆ ಹಾಕುವ ಮುಂಚೆ ಅಪ್ಪ ನಾಲ್ಕು ಮಾತಾಡುತ್ತಾನೆ, ಹಿಂದಿನ ಪರದೆಯಲ್ಲಿ ಮಗಳ ಫೋಟೋಗಳು ಹಾಡಿನ ಜೊತೆ ಓಡುತ್ತವೆ. ಫೋಟೋ ನೂರಾರು ಇರುವುದರಿಂದ ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ, ಹಾಡಿನ ಸದ್ದಿಗೆ ಮಾತೂ ಕೇಳುವುದಿಲ್ಲ. ಶಿವಮೊಗ್ಗದ ನನ್ನ ಗೆಳೆಯರೊಬ್ಬರು ಹಾಡನ್ನು ಕೈಬಿಟ್ಟು, ಮಗಳ ಶಾಲೆಯ ವರ್ಷಗಳಿಂದ ಆರೇ ಆರು ಮುಖಗಳನ್ನು ಆರಿಸಿ, ಅವನ್ನು ಮೂರು ಛಾಯೆಗಳ ಚಿತ್ರಗಳಾಗಿ ಮಾಡಿಸಿ, ಒಂದೊಂದನ್ನೂ ತೋರಿಸುತ್ತ ಮಾತಾಡಿದರು. ಅವರು ಮಾಡಿದ ರೀತಿ ತಿಳಿಯಬೇಕಾದದ್ದು.

ಫೋಟೋವನ್ನೇ ತೋರಿಸಬಹುದಿತ್ತಲ್ಲ, ಚಿತ್ರ ಏಕೆ? ಕಾರಣ ಶಾಲೆಯ ಫೋಟೋಗಳ ಸ್ಥಿತಿಯಲ್ಲೇ ಇದೆ. ಒಂದನೇ ಕ್ಲಾಸಿನದು ಅಡ್ಮಿಷನ್‌ಗೆ ತೆಗೆಸಿದ ಪಾಸ್‌ಪೋರ್ಟ್ ಸೈಜ್. ನಾಲ್ಕನೆಯದು ಗ್ರೂಪ್ ಫೋಟೋದ ಎರಡನೇ ಸಾಲಿನಲ್ಲಿ ಸಿಕ್ಕಿದ್ದು. ಏಳನೆಯದು ವಾರ್ಷಿಕೋತ್ಸವದ ಮೇಕಪ್ಪಿನಲ್ಲಿದೆ, ಹತ್ತನೆಯದು ಹಾಲ್‌ಟಿಕೆಟ್ಟಿಗೆ ಕೊಟ್ಟದ್ದು, ಪಿಯುಸಿಯದು ಮೊಬೈಲಿನದು. ಬಣ್ಣ, ಬೆಳಕು, ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ಗ್ರೂಪ್ ಫೋಟೋದಲ್ಲಿ ಒಂದು ಮುಖದ ಅಗಲ ಹೆಚ್ಚೆಂದರೆ 10 ಮಿಲಿಮೀಟರ್. ಅದನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸಿಗುವುದು ಸುಮಾರು 236 ಪಿಕ್ಸೆಲ್. ಇನ್ನೂ ಹೆಚ್ಚಿಗೆ ಇಟ್ಟರೂ ಪ್ರಿಂಟಿನಲ್ಲಿ ಇಲ್ಲದ ವಿವರ ಸ್ಕ್ಯಾನರಿಗೆ ಸಿಗುವುದಿಲ್ಲ, ಕಾಗದದ ತರಿ ಮಾತ್ರ ದೊಡ್ಡದಾಗುತ್ತದೆ. ಅಂಥ ಮುಖವನ್ನು ಗೋಡೆಯಷ್ಟು ಹಿಗ್ಗಿಸಿದರೆ ಮಂಜು ಕವಿದಂತೆ ಕಾಣುತ್ತದೆ. ಅದೇ ಮುಖವನ್ನು ಕಪ್ಪು, ನಡುವಿನ ಬೂದು, ಬಿಳಿ ಎಂದು ಮೂರೇ ಛಾಯೆಗೆ ಇಳಿಸಿದರೆ ಮಂಜು ಹೋಗಿ ಅಂಚುಗಳು ನಿಲ್ಲುತ್ತವೆ. ಪಾಸ್‌ಪೋರ್ಟ್ ಫೋಟೋ, ಗ್ರೂಪ್ ಫೋಟೋ, ಮೊಬೈಲ್ ಫೋಟೋ ಎಲ್ಲವೂ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ.

ಇದು ಹೊಸ ವಿದ್ಯೆಯೂ ಅಲ್ಲ. ನ್ಯೂಯಾರ್ಕಿನ ರಾಬರ್ಟ್ ಸ್ಕಲ್ ತಮ್ಮ ಪತ್ನಿ ಎಥೆಲ್ ಅವರ ಭಾವಚಿತ್ರ ಮಾಡಿಕೊಡಲು ಆ್ಯಂಡಿ ವಾರ್ಹಾಲ್‌ಗೆ ಹೇಳಿದಾಗ, ವಾರ್ಹಾಲ್ ಆಕೆಯನ್ನು ಟೈಮ್ಸ್ ಸ್ಕ್ವೇರಿನ ಫೋಟೋ ಬೂತಿಗೆ ಕರೆದೊಯ್ದು, ಅಲ್ಲಿ ತೆಗೆದ ಸಣ್ಣ ಫೋಟೋಗಳನ್ನೇ ರೇಷ್ಮೆ ಪರದೆಯ ಅಚ್ಚಿನಲ್ಲಿ ದೊಡ್ಡದು ಮಾಡಿ 36 ಫಲಕಗಳ ಕೃತಿ ರಚಿಸಿದರು. ಅದು 1963ರ ಮಾತು. ನಾಣ್ಯ ಹಾಕಿದರೆ ಬರುವ ಅಗ್ಗದ ಫೋಟೋಗಳೂ ಛಾಯೆ ಕಡಿಮೆಯಾದಾಗ ಎಷ್ಟು ಗಟ್ಟಿಯಾಗಿ ನಿಲ್ಲುತ್ತವೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಗೆಳೆಯರ ಅಣ್ಣನ ಮಗ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಕೆಲಸ ಮಾಡಿದ. ಮೊದಲು ಬಣ್ಣ ತೆಗೆದು ಕಪ್ಪು ಬಿಳುಪು ಮಾಡುವುದು, ಆಮೇಲೆ Gaussian Blur ಕೊಟ್ಟು ಕಾಗದದ ತರಿ ಅಳಿಸುವುದು, ಕೊನೆಗೆ Colors ಮೆನುವಿನ Posterize ತೆರೆದು ಹಂತಗಳನ್ನು 3ಕ್ಕೆ ಇಳಿಸುವುದು. ತರಿ ಅಳಿಸದೆ ನೇರವಾಗಿ ಛಾಯೆ ಇಳಿಸಿದರೆ ಕೆನ್ನೆಯ ಮೇಲೆಲ್ಲ ಕಪ್ಪು ಚುಕ್ಕೆಗಳು ಏಳುತ್ತವೆ. ಮಕ್ಕಳ ಮುಖಕ್ಕೆ ಇನ್ನೊಂದು ಎಚ್ಚರ ಬೇಕು. ಅವರ ಕೆನ್ನೆ, ಹಣೆಗಳಲ್ಲಿ ಗಾಢ ನೆರಳಿರುವುದಿಲ್ಲ. ಮೂಗಿನ ಪಕ್ಕದಿಂದ ಬಾಯಿಯತ್ತ ಇಳಿಯುವ ಸಣ್ಣ ನೆರಳು ಕಪ್ಪು ಗೆರೆಯಾಗಿಬಿಟ್ಟರೆ ಆರು ವರ್ಷದ ಹುಡುಗಿ ನಲವತ್ತರ ಹೆಂಗಸಿನಂತೆ ಕಾಣುತ್ತಾಳೆ. ಅಂಥ ಗೆರೆಗಳನ್ನು ಕೈಯಿಂದಲೇ ಅಳಿಸಬೇಕು.

ಎರಡನೇ ಕ್ಲಾಸಿನ ಚಿತ್ರದಲ್ಲಿ ಬೇರೆ ತೊಂದರೆ ಬಂತು. ಹುಡುಗಿಯ ಮೇಲಿನ ಎರಡು ಹಾಲುಹಲ್ಲು ಆಗಷ್ಟೇ ಬಿದ್ದಿದ್ದವು. ನಗುವಾಗ ಕಾಣುವ ಆ ಸಂದಿನ ಕಪ್ಪು ತುಟಿಯ ಕಪ್ಪಿನೊಂದಿಗೆ ಸೇರಿ, ಬಾಯಿ ಪೂರ್ತಿ ಒಂದು ಕಪ್ಪು ಗುಳಿಯಾಯಿತು. ಆ ನಗೆಗೋಸ್ಕರವೇ ಆರಿಸಿದ್ದ ಫೋಟೋ ಅದು. ಹುಡುಗ ತುಟಿಯನ್ನು ಬೂದು ಛಾಯೆಗೆ ತಂದು, ಆಚೀಚೆ ಉಳಿದ ಹಲ್ಲುಗಳನ್ನು ಬಿಳಿಯಾಗಿ ಬಿಡಿಸಿದ ಮೇಲೆ ಸಂದು ಸಂದಾಗಿಯೇ ಕಂಡಿತು.

ಆರೂ ಚಿತ್ರಗಳಲ್ಲಿ ಎರಡು ಕಣ್ಣುಗಳನ್ನು ಪರದೆಯ ಅದೇ ಎತ್ತರದಲ್ಲಿ, ಅಷ್ಟೇ ಅಂತರದಲ್ಲಿ ಕೂಡಿಸಿದ್ದು ಅವನ ಜಾಣತನ. ಚಿಕ್ಕ ಮಗುವಿನ ಮುಖದಲ್ಲಿ ಹಣೆಯದೇ ದೊಡ್ಡ ಪಾಲು. ವರ್ಷ ಕಳೆದಂತೆ ಮೂಗು ಉದ್ದವಾಗಿ, ದವಡೆ ಬೆಳೆದು, ಗಲ್ಲ ಕೆಳಗಿಳಿಯುತ್ತದೆ. ಕಣ್ಣು ಅಲುಗದೆ ನಿಂತು ಚಿತ್ರ ಬದಲಾದಾಗ ಆ ಬೆಳವಣಿಗೆಯೊಂದೇ ಎದ್ದು ಕಾಣುತ್ತದೆ. ಬಣ್ಣವೂ ಒಂದೇ ಕಡೆ ಇತ್ತು. ಮಡಚಿ ಕಟ್ಟಿದ ಎರಡು ಜಡೆಯ ಟೇಪು ಕೆಂಪು, ಮಿಕ್ಕದ್ದೆಲ್ಲ ಕಪ್ಪು, ಬೂದು, ಬಿಳಿ. ಪಿಯುಸಿಯ ಚಿತ್ರದಲ್ಲಿ ಟೇಪಿಲ್ಲ, ಹಾಗಾಗಿ ಕೆಂಪೂ ಇಲ್ಲ.

ಚಿತ್ರ ಇಷ್ಟನ್ನು ಬಿಟ್ಟುಕೊಡುವುದರಿಂದಲೇ ಮಾತಿಗೆ ಕೆಲಸ ಉಳಿಯುತ್ತದೆ. ಸ್ಕೂಲು ಯಾವುದು, ಪಕ್ಕದಲ್ಲಿ ಯಾರಿದ್ದರು, ಅಂದು ಏನಾಗಿತ್ತು, ಯಾವುದೂ ಪರದೆಯ ಮೇಲಿಲ್ಲ. ಅದನ್ನು ಹೇಳಬೇಕಾದವನು ಅಪ್ಪ. ಗೆಳೆಯರು ಒಂದೊಂದು ಚಿತ್ರಕ್ಕೆ ಒಂದೇ ಸಂಗತಿ ಇಟ್ಟುಕೊಂಡಿದ್ದರು. ನಾಲ್ಕನೇ ಕ್ಲಾಸಿನ ಮುಖ ಬಂದಾಗ ಅವರು ಹೇಳಿದ್ದು ಇಷ್ಟು: “ಆ ವರ್ಷ ಇವಳಿಗೆ ಮಗ್ಗಿ ಬರ್ತಾ ಇರಲಿಲ್ಲ. ನಾನು ಸಂಜೆ ಬರೋದು ತಡ. ಅತ್ತೆ ಹೂ ಕಟ್ತಾ ಕೂತು, ಒಂದೊಂದು ಮಾಲೆಗೆ ಒಂದೊಂದು ಮಗ್ಗಿ ಹೇಳಿಸಿದರು. ಹದಿಮೂರರ ಮಗ್ಗಿ ಕಲಿಸಿದ್ದು ನಾನಲ್ಲ, ಅವರು.” ಮುಂದಿನ ಸಾಲಿನಲ್ಲಿ ಕೂತಿದ್ದ ಆ ಅಜ್ಜಿಯತ್ತ ಎಲ್ಲರೂ ತಿರುಗಿದರು. ಜಾಣೆ, ಒಳ್ಳೆಯವಳು, ಮನೆಯ ಬೆಳಕು ಎಂಬ ಮಾತುಗಳು ಯಾವ ಮಗಳಿಗಾದರೂ ಸಲ್ಲುತ್ತವೆ. ಹದಿಮೂರರ ಮಗ್ಗಿ ಈ ಒಬ್ಬಳಿಗೇ ಸೇರಿದ್ದು.

ಆಡುವ ಹೊತ್ತೂ ಮುಖ್ಯ. ಹೊಸ ಮುಖ ಪರದೆಗೆ ಬಂದೊಡನೆ ಜನ ತಮ್ಮತಮ್ಮಲ್ಲೇ ಮಾತಾಡತೊಡಗುತ್ತಾರೆ, “ಅಯ್ಯೋ, ಥೇಟ್ ಚಿಕ್ಕಮ್ಮನ ಮೂಗು” ಅನ್ನುತ್ತಾರೆ. ಆಗ ಹೇಳಿದ ವಾಕ್ಯ ಯಾರಿಗೂ ಕೇಳಿಸುವುದಿಲ್ಲ. ಗೆಳೆಯರು ಗುಜುಗುಜು ತಾನಾಗಿ ಇಳಿಯುವವರೆಗೆ ಸುಮ್ಮನಿದ್ದು ಆಮೇಲೆ ಮಾತು ತೆಗೆಯುತ್ತಿದ್ದರು. ಒಂದು ಚಿತ್ರಕ್ಕೆ ಒಂದು ನಿಮಿಷ ಮೀರಲಿಲ್ಲ, ಮೊದಲ ಮತ್ತು ಕೊನೆಯ ಮಾತು ಸೇರಿ ಎಂಟು ನಿಮಿಷಕ್ಕೆ ಮುಗಿಯಿತು.

ಜಾಗವನ್ನೂ ಮೊದಲೇ ನೋಡಿಕೊಳ್ಳಬೇಕು. ಹಗಲು ಹೊತ್ತು, ಕಿಟಕಿ ತೆರೆದ ಹಾಲಿನಲ್ಲಿ ಪ್ರೊಜೆಕ್ಟರಿನ ಕಪ್ಪು ಬೂದಾಗಿಬಿಡುತ್ತದೆ, ನಡುವಿನ ಛಾಯೆಯಂತೂ ಕಾಣುವುದೇ ಇಲ್ಲ. ಅಲ್ಲಿಗೆ ನಡುವಿನದನ್ನು ಇನ್ನಷ್ಟು ತಿಳಿ ಮಾಡಿಕೊಂಡು ಹೋಗಬೇಕು. ಛತ್ರದ ಎಲ್‌ಇಡಿ ಗೋಡೆಯಲ್ಲಿ ಬೆಳಕಿಗೆ ಬರವಿಲ್ಲ, ಆದರೆ ದೀಪಗಳ ನಡುವೆ 3 ಮಿಲಿಮೀಟರ್ ಅಂತರವಿದ್ದರೆ 3 ಮೀಟರ್ ಅಗಲದ ಗೋಡೆಗೆ ಅಡ್ಡಲಾಗಿ ಸಿಗುವುದು ಸಾವಿರ ಚುಕ್ಕೆ ಮಾತ್ರ. ರೆಪ್ಪೆಕೂದಲಿನಂಥ ಸಣ್ಣ ಗೆರೆ ಅಲ್ಲಿ ಒಡೆದು ಮಿನುಗುತ್ತದೆ. ದಪ್ಪ ಆಕಾರಗಳಾದರೆ ಎರಡೂ ಕಡೆ ಉಳಿಯುತ್ತವೆ.

ಇಷ್ಟಕ್ಕೂ ಮೊದಲು ಚಿತ್ರಗಳನ್ನು ಮಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಇದನ್ನು ನಾನು ಸಲಹೆ ಎಂದಲ್ಲ, ಷರತ್ತು ಎಂದೇ ಹೇಳುತ್ತೇನೆ. ಹದಿಮೂರು ಹದಿನಾಲ್ಕರ ವಯಸ್ಸಿನ ಮುಖದ ಬಗ್ಗೆ ಅಪ್ಪನಿಗಿರುವ ಪ್ರೀತಿ ಮಗಳಿಗೆ ಇರಬೇಕೆಂದಿಲ್ಲ. ಅಚ್ಚರಿಯಾಗಲಿ ಎಂದು ಮುಚ್ಚಿಟ್ಟರೆ, ನೆಂಟರೆಲ್ಲ ನಗುವಾಗ ಅವಳು ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಈ ಹುಡುಗಿ ಎಂಟನೇ ಕ್ಲಾಸಿನ ಚಿತ್ರ ನೋಡಿ “ಅಪ್ಪಾ, ಇದು ಬೇಡ” ಎಂದಳು. ಕಾರಣ ಕೇಳದೆ ಅವರು ಅದನ್ನು ತೆಗೆದು, ಏಳನೆಯದನ್ನು ಹಾಕಿದರು. ನರ್ತನದ ಆ ಫೋಟೋದಲ್ಲಿ ಮೇಕಪ್ಪಿನ ದಪ್ಪ ಕಾಡಿಗೆ ಇಡೀ ಕಣ್ಣನ್ನು ನುಂಗಿತ್ತು. ಕಣ್ಣುಗುಡ್ಡೆಯ ಬಿಳಿಯನ್ನು ಮತ್ತೆ ಬಿಡಿಸಲು ಅಣ್ಣನ ಮಗನಿಗೆ ಒಂದು ಸಂಜೆ ಹಿಡಿಯಿತು.