ರಾತ್ರಿಯ ಕೆಮ್ಮು, ರಕ್ತದ ಇಯೋಸಿನೊಫಿಲ್

ಇಯೋಸಿನೊಫಿಲ್ ಬಿಳಿ ರಕ್ತಕಣಗಳ ಒಂದು ಬಗೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 500ರವರೆಗೆ ಇದ್ದರೆ ಸಹಜ. ರಕ್ತದಲ್ಲಿ ಕೆಲವು ಗಂಟೆ ಮಾತ್ರ ಸುತ್ತಿ, ಇವು ಕರುಳು, ಚರ್ಮ, ಶ್ವಾಸಕೋಶಗಳ ಒಳಪದರಕ್ಕೆ ಇಳಿಯುತ್ತವೆ. ಇವುಗಳ ನಿಜವಾದ ಕೆಲಸ ನಡೆಯುವುದು ಅಲ್ಲಿಯೇ.

ಜಂತುಹುಳುವನ್ನು ಯಾವ ರಕ್ತಕಣವೂ ನುಂಗಲಾರದು, ಅದು ಅಷ್ಟು ದೊಡ್ಡದು. ಆದ್ದರಿಂದ ಇಯೋಸಿನೊಫಿಲ್‌ಗಳು ಹುಳುವಿನ ಮೈಗೆ ಅಂಟಿಕೊಂಡು, ತಮ್ಮ ಕಾಳುಗಳಲ್ಲಿರುವ ವಿಷಕಾರಿ ಪ್ರೋಟೀನುಗಳನ್ನು ಅದರ ಮೇಲೆ ಸುರಿಯುತ್ತವೆ. ಅಲರ್ಜಿಯಲ್ಲಿ ಹುಳುವಿಲ್ಲ, ಧೂಳು ಅಥವಾ ಪರಾಗವನ್ನೇ ದೇಹ ಶತ್ರುವೆಂದು ಬಗೆಯುತ್ತದೆ. ಅದೇ ಪ್ರೋಟೀನುಗಳು ಆಗ ಶ್ವಾಸನಾಳದ ಒಳಪೊರೆಯನ್ನು ಸುಲಿಯುತ್ತವೆ, ನಾಳ ಊದಿ ಬಿಗಿಯುತ್ತದೆ, ಉಬ್ಬಸ ಬರುತ್ತದೆ.

ಅಲರ್ಜಿಯಲ್ಲಿ ಎಣಿಕೆ ಸಾಮಾನ್ಯವಾಗಿ 1500 ದಾಟುವುದಿಲ್ಲ. ಹುಳುಗಳಲ್ಲಿಯೂ ಕರುಳಿನ ಟೊಳ್ಳಿನಲ್ಲಷ್ಟೇ ಇರುವವು ಇದನ್ನು ಹೆಚ್ಚಿಸುವುದು ಕಡಿಮೆ. ಮಾಂಸದೊಳಗೆ ಹೊಕ್ಕು ಸಂಚರಿಸುವವು ಎಣಿಕೆಯನ್ನು ಬಹಳ ಮೇಲಕ್ಕೇರಿಸುತ್ತವೆ.

ಈ ವ್ಯತ್ಯಾಸ ಮುಖ್ಯವಾಗುವ ಕಾಯಿಲೆ ಭಾರತದ್ದೇ ಇದೆ. ಮದನಪಲ್ಲಿ ಬಳಿಯ ಆರೋಗ್ಯವರಂ ಕ್ಷಯ ಆಸ್ಪತ್ರೆಯ ಫ್ರಿಮೊಟ್-ಮೊಲ್ಲರ್ ಮತ್ತು ಬಾರ್ಟನ್ 1940ರಲ್ಲಿ ಕ್ಷಯದಂತೆ ಕಾಣುವ, ಆದರೆ ಇಯೋಸಿನೊಫಿಲ್ ವಿಪರೀತ ಏರಿದ ರೋಗಿಗಳನ್ನು ವರ್ಣಿಸಿದರು. ಆನೆಕಾಲು ರೋಗದ ಹುಳುವಿನ ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದು, ದೇಹ ಅವುಗಳ ಮೇಲೆ ಅತಿಯಾಗಿ ಮುಗಿಬೀಳುವುದರಿಂದ ಇದು ಬರುತ್ತದೆ.

ಉದಾಹರಣೆಗೆ, ಆನೆಕಾಲು ಇರುವ ಊರಿನ ಮೂವತ್ತರ ಒಬ್ಬ ಗಂಡಸಿಗೆ ತಿಂಗಳುಗಳಿಂದ ರಾತ್ರಿ ಕೆಮ್ಮು, ಉಬ್ಬಸ ಎಂದಿಟ್ಟುಕೊಳ್ಳಿ. ಬಿಳಿ ಕಣ 16,000, ಅದರಲ್ಲಿ ಇಯೋಸಿನೊಫಿಲ್ 40 ಶೇಕಡ. ಅಂದರೆ ಎಣಿಕೆ 6400. ವರದಿಯ ಶೇಕಡಾವಾರು ನೋಡಿ ನಿಲ್ಲದೆ ಹೀಗೆ ಗುಣಿಸಿ ನೋಡಬೇಕು. ಈ ಕಾಯಿಲೆಯಲ್ಲಿ ಎಣಿಕೆ ಸಾಮಾನ್ಯವಾಗಿ 3000ಕ್ಕಿಂತ ಹೆಚ್ಚು. ಹುಳುಮರಿ ರಾತ್ರಿಯ ರಕ್ತದಲ್ಲಿ ಸಿಗದಿದ್ದರೂ ಕಾಯಿಲೆ ಇಲ್ಲವೆನ್ನಲಾಗದು, ಅವು ಸಿಕ್ಕಿಬಿದ್ದಿರುವುದು ಶ್ವಾಸಕೋಶದಲ್ಲಿ. ಫೈಲೇರಿಯಾ ಪ್ರತಿಕಾಯದ ಪರೀಕ್ಷೆ ಇಲ್ಲಿ ಹೆಚ್ಚು ನೆರವಾಗುತ್ತದೆ.

ಡೈಈಥೈಲ್‌ಕಾರ್ಬಮಜೀನ್ ಮಾತ್ರೆಯನ್ನು ಸಾಮಾನ್ಯವಾಗಿ ಮೂರು ವಾರ ಕೊಡುತ್ತಾರೆ. ಹೆಚ್ಚಿನವರಲ್ಲಿ ಕೆಮ್ಮು ಬೇಗ ತಗ್ಗುತ್ತದೆ. ಇದನ್ನು ಅಸ್ತಮಾ ಎಂದುಕೊಂಡು ವರ್ಷಗಟ್ಟಲೆ ಬಿಟ್ಟರೆ ಉರಿಯೂತದ ಜಾಗದಲ್ಲಿ ನಾರು ಕಟ್ಟಿ, ಶ್ವಾಸಕೋಶ ಗಟ್ಟಿಯಾಗುತ್ತದೆ. ಆ ನಾರು ಮಾತ್ರೆಗೆ ಕರಗುವುದಿಲ್ಲ.

ಇನ್ನೊಂದು ಎಚ್ಚರ ಸ್ಟೀರಾಯ್ಡ್ ವಿಚಾರದಲ್ಲಿ. ಇಯೋಸಿನೊಫಿಲ್ ಇಳಿಸಲು ಅದನ್ನು ಕೊಟ್ಟರೆ ಎಣಿಕೆ ಇಳಿಯುತ್ತದೆ. ಆದರೆ ಕರುಳಿನಲ್ಲಿ ಸ್ಟ್ರಾಂಗಿಲಾಯ್ಡಿಸ್ ಹುಳು ಅಡಗಿದ್ದರೆ ಅದು ದೇಹವಿಡೀ ಹರಡಿ ಪ್ರಾಣಕ್ಕೇ ಕುತ್ತಾಗಬಹುದು. ಎಣಿಕೆ ಅತಿಯಾಗಿ ಏರಿದವರಲ್ಲಿ, ತುರ್ತಿಲ್ಲದಿದ್ದರೆ, ಮೊದಲು ಹುಳುವನ್ನು ಹುಡುಕಿ ನಂತರವೇ ಸ್ಟೀರಾಯ್ಡ್ ಆರಂಭಿಸಬೇಕು.